ಕೊನೆಯ ಸಂಬಳ ಒಂದೇ, ಪಿಂಚಣಿ ಮಾತ್ರ ಅರ್ಧ

"ನಾನೂ ನನ್ನ ಗೆಳೆಯನೂ ಒಂದೇ ವರ್ಷ ಸೇರಿ, ಒಂದೇ ಹುದ್ದೆಯಿಂದ ನಿವೃತ್ತರಾದೆವು. ಅವನ ಪಿಂಚಣಿ ನನ್ನದಕ್ಕಿಂತ ಬಹಳ ಹೆಚ್ಚು. ಲೆಕ್ಕ ತಪ್ಪಿರಬಹುದೇ?"

ಅರ್ಜಿ ಬರೆಯುವ ಮುನ್ನ ಇಬ್ಬರ ಪಿಂಚಣಿ ಆದೇಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ನನ್ನ ಸ್ನೇಹಿತರಿಗೆ ಕೊನೆಯ ಸಂಬಳದ ಶೇ. 60 ಬರುತ್ತಿತ್ತು; ಅಷ್ಟೇ ಸಂಬಳವಿದ್ದ ನನಗೆ ಶೇ. 30. ನಮ್ಮ ಯೋಜನೆಯಲ್ಲಿ ಅರ್ಹ ಸೇವೆಯ ಪ್ರತಿ ವರ್ಷಕ್ಕೂ ಕೊನೆಯ ಸಂಬಳದ ಅರವತ್ತನೇ ಒಂದು ಭಾಗ ಸಿಗುತ್ತದೆ. ಅವರ ಆದೇಶದಲ್ಲಿ ಅರ್ಹ ಸೇವೆ 36 ವರ್ಷವೆಂದಿತ್ತು, ನನ್ನದರಲ್ಲಿ 24. ಅಚ್ಚಿನ ದೋಷವೆಂದೇ ನಾನು ವಾದಿಸಿದೆ. ಆದರೆ ಹಳೆಯ ಕಾಗದಗಳ ನಡುವೆ ನನ್ನದೇ ಸಹಿಯಿದ್ದ ರಸೀದಿಯೊಂದು ಸಿಕ್ಕಾಗ, 12 ವರ್ಷಗಳ ಸೇವೆಯ ಬಳಿಕ ಕೆಲಸ ಬಿಟ್ಟು, ಅದುವರೆಗಿನ ವಂತಿಗೆಯನ್ನೆಲ್ಲ ಹಿಂಪಡೆದು, ಕೆಲವೇ ವಾರಗಳಲ್ಲಿ ಮರಳಿ ಸೇರಿದ್ದು ನೆನಪಾಯಿತು. ಹಣದೊಂದಿಗೆ ಆ 12 ವರ್ಷಗಳೂ ಲೆಕ್ಕದಿಂದ ಹೊರಬಿದ್ದಿದ್ದವು.

ಅಲ್ಲಿಗೂ ನನಗೆ ಶೇ. 40 ಬರಬೇಕಿತ್ತು. ನಿವೃತ್ತಿಯ ದಿನ ಪಿಂಚಣಿಯ ಕಾಲುಭಾಗವನ್ನು ಬಿಟ್ಟುಕೊಟ್ಟು ಇಡುಗಂಟು ಪಡೆದಿದ್ದೆ, ಅದು ಶೇ. 30ಕ್ಕೆ ಇಳಿದದ್ದು ಹಾಗೆ. ಸ್ನೇಹಿತರು ಇಡುಗಂಟು ಪಡೆದಿರಲಿಲ್ಲ. ಇದನ್ನು ನಷ್ಟವೆನ್ನಲಾಗದು, ಆ ಹಣ ಮೊದಲೇ ಕೈಸೇರಿತ್ತು; ಆದ್ದರಿಂದ ಹೋಲಿಸುವಾಗ ಕಡಿತಕ್ಕೆ ಮುಂಚಿನ ಮೊತ್ತವನ್ನೇ ನೋಡಿ.

ವಂತಿಗೆ ಹಿಂಪಡೆಯದೆಯೂ ನಿಮ್ಮ ಅರ್ಹ ಸೇವೆ ಕಡಿಮೆ ಕಂಡರೆ, ವೇತನರಹಿತ ರಜೆಯ ದಾಖಲೆ ಪರಿಶೀಲಿಸಿ. ಹಲವು ಯೋಜನೆಗಳು ಅದನ್ನೂ ಎಣಿಸುವುದಿಲ್ಲ. ಅದೂ ಇಲ್ಲದಿದ್ದರೆ ಅರ್ಜಿ ಬರೆಯಿರಿ.