ಏಳು ವಿಷಯ ಬಾಕಿ, ಮಗ ಮನೆಯಲ್ಲಿ: ಟಿ.ಸಿ.ಗೆ ಮೊದಲು ನೋಡಬೇಕಾದ್ದು

*ಮಾನ್ಯ ಸಂಪಾದಕರಿಗೆ ನಮಸ್ಕಾರ. ನನ್ನ ಮಗ 2022ರಲ್ಲಿ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ.ಗೆ ಸೇರಿದ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದು ಊರಿಗೆ ಬಂದವನು ಮತ್ತೆ ಹೋಗಲೇ ಇಲ್ಲ. ವರ್ಷದ ಮೇಲಾಯ್ತು. ಏಳು ವಿಷಯ ಬಾಕಿ ಇದೆ. ಟಿ.ಸಿ. ಕೇಳಿದರೆ ಉಳಿದ ಎರಡು ವರ್ಷದ ಫೀ ಕಟ್ಟಿ ಅಂತಾರೆ. ಕಟ್ಟಿ ಬಿಡಿಸಿಕೊಂಡು ಬೇರೆ ಎಲ್ಲಾದರೂ ಸೇರಿಸಲೇ? ಅವನಿಗೆ ಇನ್ನು ಯಾವ ದಾರಿ ಉಳಿದಿದೆ? ಫಲಿತಾಂಶದ ಪ್ರಿಂಟ್ ಲಗತ್ತಿಸಿದ್ದೇನೆ.*
*— ಓದುಗರೊಬ್ಬರು, ಹಾಸನ ಜಿಲ್ಲೆ*

ಟಿ.ಸಿ.ಯನ್ನು ಸದ್ಯಕ್ಕೆ ಕೇಳಬೇಡಿ. ಫೀಯನ್ನಂತೂ ಕಟ್ಟಲೇಬೇಡಿ. ಆ ವಿಚಾರ ಕೊನೆಗೆ ಬರೆಯುತ್ತೇವೆ. ಟಿ.ಸಿ. ಕೈಗೆ ಬಂತೆಂದರೆ ಪ್ರವೇಶ ರದ್ದಾದಂತೆ. ಪಾಸಾದ ವಿಷಯಗಳೂ ಅಲ್ಲಿಗೇ ನಿಂತವು, ವಾಪಸ್ ಹೋಗುವ ಬಾಗಿಲೂ ಮುಚ್ಚಿತು. ನೀವು ಕಳಿಸಿದ ಪ್ರಿಂಟ್ ನೋಡಿದರೆ, ಆ ಬಾಗಿಲು ಮುಚ್ಚುವಷ್ಟು ಪರಿಸ್ಥಿತಿ ಕೆಟ್ಟಿದೆ ಎಂದು ನಮಗೆ ಅನ್ನಿಸುವುದಿಲ್ಲ.

ಮನೆಯವರು ಸಾಮಾನ್ಯವಾಗಿ ‘ಏಳು ಬಾಕಿ’ ಎಂದು ಒಟ್ಟು ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ವಿ.ಟಿ.ಯು. ಫಲಿತಾಂಶದ ಕೊನೆಯ ಕಾಲಂ ನೋಡಿ. ನಿಮ್ಮ ಮಗನ ಐದು ವಿಷಯಗಳ ಮುಂದೆ F ಎಂದಿದೆ, ಎರಡರ ಮುಂದೆ NE ಎಂದಿದೆ. ಎರಡೂ ಫೇಲೇ ಅಲ್ಲವೇ ಎಂದು ಕೇಳಬಹುದು. ಅಲ್ಲ. F ಅಂದರೆ ಇಂಟರ್ನಲ್ ಅಂಕ ಸಾಕಷ್ಟು ಬಂದಿದೆ, ಪರೀಕ್ಷೆಯಲ್ಲಿ ಮಾತ್ರ ಸೋಲಾಗಿದೆ ಎಂದು. ಅಂಥ ವಿಷಯಕ್ಕೆ ತರಗತಿಗೆ ಹೋಗುವ ಅಗತ್ಯವಿಲ್ಲ. ಪರೀಕ್ಷಾ ಶುಲ್ಕ ಕಟ್ಟಿ, ಊರಲ್ಲೇ ಓದಿಕೊಂಡು, ಪರೀಕ್ಷೆಯ ದಿನ ಹೋಗಿ ಬರೆದರೆ ಆಯ್ತು. NE ಅಂದರೆ ಹಾಜರಾತಿಯೋ ಇಂಟರ್ನಲ್ ಅಂಕವೋ ಕಡಿಮೆಯಾಗಿ ಪರೀಕ್ಷೆಗೇ ಅರ್ಹನಾಗಿಲ್ಲ ಎಂದು. ಅದಕ್ಕೆ ಮತ್ತೆ ಹೆಸರು ನೋಂದಾಯಿಸಿ, ಜೂನಿಯರ್‌ಗಳ ಜೊತೆ ತರಗತಿಯಲ್ಲಿ ಕೂರಬೇಕು. ನಿಮ್ಮ ಮಗನಿಗೆ NE ಇರುವುದು ನಾಲ್ಕನೇ ಸೆಮಿಸ್ಟರ್‌ನ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಮತ್ತು ಕಂಟ್ರೋಲ್ ಸಿಸ್ಟಮ್ಸ್. ಅಂದರೆ ಅವನು ಕಾಲೇಜಿನಿಂದ ದೂರ ಸರಿಯಲು ಶುರು ಮಾಡಿದ್ದು ಊರಿಗೆ ಬಂದ ಮೇಲಲ್ಲ, ಅದಕ್ಕೂ ಕೆಲವು ತಿಂಗಳು ಮೊದಲು. ಆಗ ಏನಾಯಿತು ಎಂದು ಬೈಯದೆ ಕೇಳಿ ತಿಳಿದುಕೊಳ್ಳಿ. ಕಾರಣ ಓದಿನದಲ್ಲದೆ ಹಾಸ್ಟೆಲಿನದೋ ದುಡ್ಡಿನದೋ ಮನಸ್ಸಿನದೋ ಆಗಿದ್ದರೆ ಮುಂದಿನ ಲೆಕ್ಕವೆಲ್ಲ ಬದಲಾಗುತ್ತದೆ.

ಇನ್ನು ಉಳಿದ ಐದು F. ಇವುಗಳ ಅಂಕ ನೋಡಿ. ತೇರ್ಗಡೆಗೆ ಇಂಟರ್ನಲ್‌ನಲ್ಲಿ 50ಕ್ಕೆ 20, ಎಕ್ಸ್‌ಟರ್ನಲ್‌ನಲ್ಲಿ 50ಕ್ಕೆ 18, ಎರಡೂ ಸೇರಿ 100ಕ್ಕೆ 40 ಬೇಕು. ನಾಲ್ಕನೇ ಸೆಮಿಸ್ಟರ್‌ನ ಕಮ್ಯುನಿಕೇಶನ್ ವಿಷಯದಲ್ಲಿ ಅವನಿಗೆ ಎಕ್ಸ್‌ಟರ್ನಲ್ 17 ಬಂದಿದೆ, ಒಂದೇ ಅಂಕ ಕಡಿಮೆ. ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ 16, ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ 15. ಆಗಲೇ ಮರುಮೌಲ್ಯಮಾಪನಕ್ಕೆ ಹಾಕಬೇಕಿತ್ತು, ಈಗ ಅದರ ಗಡುವು ಮುಗಿದಿದೆ. ಆದರೂ ಈ ಮೂರೂ ಒಂದೇ ಪರೀಕ್ಷೆಯಲ್ಲಿ ಮುಗಿಯುವಂಥವು.

ನಿಜವಾದ ಅಡ್ಡಿ ಮೊದಲ ವರ್ಷದ ಎರಡು ಗಣಿತ. ಒಂದರಲ್ಲಿ ಎಕ್ಸ್‌ಟರ್ನಲ್ 12, ಇನ್ನೊಂದರಲ್ಲಿ 9. ಮೊದಲ ವರ್ಷದ್ದು ಬಾಕಿ ಇದ್ದರೆ ಐದನೇ ಸೆಮಿಸ್ಟರ್‌ಗೆ ಬಿಡುವುದಿಲ್ಲ, ಹಾಗಾಗಿ ಇವನ ಬಿ.ಇ. ನಿಂತಿರುವುದು ಇಲ್ಲೇ. ಇಲ್ಲಿ ಇನ್ನೊಂದು ಸಿಕ್ಕು ಇದೆ. ಮೊದಲನೇ ಗಣಿತದಲ್ಲಿ ಇಂಟರ್ನಲ್ 21, ಎರಡನೆಯದರಲ್ಲಿ ಸರಿಯಾಗಿ 20. ಎಕ್ಸ್‌ಟರ್ನಲ್‌ನಲ್ಲಿ 18 ತಂದರೂ ಒಟ್ಟು 39, 38 ಆಗುತ್ತದೆ, ಮತ್ತೆ ಫೇಲ್. ‘ಹದಿನೆಂಟು ಸಾಕು’ ಎಂದು ಲೆಕ್ಕ ಹಾಕಿ ಓದಿದವರು ಎಡವುವುದು ಇಲ್ಲೇ. ಇವನಿಗೆ ಒಂದರಲ್ಲಿ 19, ಇನ್ನೊಂದರಲ್ಲಿ 20 ಬೇಕು. ಪರೀಕ್ಷೆ ನಡೆಯುವುದು 100 ಅಂಕಕ್ಕೆ, ಆಮೇಲೆ ಅರ್ಧ ಮಾಡುತ್ತಾರೆ. ಆದ್ದರಿಂದ ಗುರಿ 100ಕ್ಕೆ 40.

ಈ 40 ಎಲ್ಲಿಂದ ಬರಬೇಕು? ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ, ಪ್ರತಿ ಮಾಡ್ಯೂಲ್‌ನಲ್ಲಿ ಎರಡು ಪೂರ್ಣ ಪ್ರಶ್ನೆ ಕೊಟ್ಟು ಒಂದನ್ನು ಬಿಡಿಸಲು ಹೇಳುತ್ತಾರೆ. ಮೂರು ಮಾಡ್ಯೂಲ್ ಗಟ್ಟಿ ಮಾಡಿಕೊಂಡು ಒಂದೊಂದರಲ್ಲಿ 14 ತಂದರೆ 42 ಆಯಿತು. ಐದನ್ನೂ ಅರೆಬರೆ ಓದಿದವನಿಗೆ ಒಂದೊಂದರಲ್ಲಿ ಐದಾರು ಅಂಕ ಬಂದು 28ಕ್ಕೆ ನಿಲ್ಲುತ್ತದೆ. ಮೊದಲ ಗಣಿತದಲ್ಲಿ ನಾವಾದರೆ ಕೊನೆಯ ಮಾಡ್ಯೂಲ್‌ನಿಂದ, ಅಂದರೆ ಲೀನಿಯರ್ ಆಲ್ಜೀಬ್ರಾದಿಂದ ಶುರು ಮಾಡಲು ಹೇಳುತ್ತೇವೆ. ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಕಂಡುಹಿಡಿಯುವುದು, ಗಾಸ್ ವಿಧಾನದಲ್ಲಿ ಸಮೀಕರಣ ಬಿಡಿಸುವುದು — ಇವಕ್ಕೆ ಕೂಡು-ಕಳೆ-ಗುಣಾಕಾರ ಮತ್ತು ತಾಳ್ಮೆ ಸಾಕು. ಪಿಯುಸಿಯ ಕ್ಯಾಲ್ಕುಲಸ್ ಮರೆತಿದ್ದರೂ ನಡೆಯುತ್ತದೆ. ಅಲ್ಲಿ ಕೈ ಕುದುರಿದ ಮೇಲೆ ಡಿಫರೆನ್ಶಿಯಲ್ ಈಕ್ವೇಶನ್, ಆಮೇಲೆ ಮೊದಲ ಮಾಡ್ಯೂಲ್.

ಅವನ ಮುಂದೆ ‘ವಾಪಸ್ ಹೋಗ್ತೀಯೋ ಇಲ್ಲವೋ’ ಎಂಬ ಪ್ರಶ್ನೆ ಇಡಬೇಡಿ. ನಾಲ್ಕು ವಾರ ಕೊಡಿ. ಈ ಮೂರು ಮಾಡ್ಯೂಲ್, ಹಳೆಯ ಪ್ರಶ್ನೆಪತ್ರಿಕೆಗಳು, ದಿನಕ್ಕೆ ಎರಡು ಗಂಟೆ. ಆಮೇಲೆ ಅವನು ನೋಡಿರದ ಒಂದು ಹಳೆಯ ಪತ್ರಿಕೆ ಕೊಟ್ಟು, ಮೂರು ಗಂಟೆ, ಮೊಬೈಲ್ ಪಕ್ಕಕ್ಕಿಟ್ಟು ಬರೆಯಲಿ. ಊರಿನ ಪಿಯು ಅಥವಾ ಪಾಲಿಟೆಕ್ನಿಕ್‌ನ ಗಣಿತ ಮೇಷ್ಟ್ರೊಬ್ಬರು ತಿದ್ದಿದರೆ ಒಳ್ಳೆಯದು. 45 ದಾಟಿದರೆ ಬಿ.ಇ. ಜೀವಂತ ಇದೆ ಎಂದು ತಿಳಿಯಿರಿ. 30ರ ಸುತ್ತಮುತ್ತ ಬಂದರೆ ಇನ್ನೊಂದು ತಿಂಗಳು ಕೊಡಬಹುದು. ನಾಲ್ಕು ವಾರದಲ್ಲಿ ಪುಸ್ತಕವನ್ನೇ ತೆರೆಯದಿದ್ದರೆ ಅದೂ ಒಂದು ಉತ್ತರವೇ. ಆಗ ಇನ್ನೊಂದು ದಾರಿ ಹಿಡಿಯಬೇಕು.

ವಾಪಸ್ ಹೋಗುವುದಾದರೆ ಕಾಲದ ಲೆಕ್ಕ ಹೀಗೆ. ಬರುವ ಪರೀಕ್ಷೆಯಲ್ಲಿ ಐದು F ವಿಷಯ ಬರೆಯುವುದು. ಸಮ ಸೆಮಿಸ್ಟರ್ ಶುರುವಾದಾಗ ಕಾಲೇಜಿಗೆ ಹೋಗಿ ಎರಡು NE ವಿಷಯದ ತರಗತಿಯಲ್ಲಿ ಕೂರುವುದು, ಉಳಿದುಹೋದ F ಇದ್ದರೆ ಆ ಪರೀಕ್ಷೆಯಲ್ಲಿ ಮುಗಿಸುವುದು. ಅಲ್ಲಿಂದ ಐದನೇ ಸೆಮಿಸ್ಟರ್. ಒಟ್ಟು ಸುಮಾರು ಮೂರು ವರ್ಷ. ಬಿ.ಇ. ಮುಗಿಸಲು ಗರಿಷ್ಠ ಅವಧಿ ಎಂಟು ವರ್ಷ. 2022ರಲ್ಲಿ ಸೇರಿದವನಿಗೆ 2030ರವರೆಗೆ ಸಮಯ ಇದೆ. ಆದರೆ ತಡ ಮಾಡಿದಷ್ಟೂ ಜೂನಿಯರ್‌ಗಳ ಸ್ಕೀಮ್, ಅಂದರೆ ಪಠ್ಯಕ್ರಮ, ಬದಲಾಗಿ ಹೆಚ್ಚುವರಿ ವಿಷಯ ಸೇರಿಕೊಳ್ಳಬಹುದು. ವರ್ಷ ಬಿಟ್ಟಿದ್ದರಿಂದ ಮರುಪ್ರವೇಶದ ಅರ್ಜಿ ಕಾಲೇಜಿನ ಮೂಲಕ ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ಗಣಿತ ಆಗುವುದೇ ಇಲ್ಲ ಎಂದು ಖಾತ್ರಿಯಾದರೆ? ಇಲ್ಲಿ ಬಹಳ ಜನ ತಂದೆ-ತಾಯಿಯರು ಮಗನನ್ನು ಮತ್ತೆ ಸೊನ್ನೆಯಿಂದ ಒಂದು ಬಿ.ಸಿ.ಎ.ಗೋ ಬಿ.ಕಾಂ.ಗೋ ಸೇರಿಸುತ್ತಾರೆ. ಅವನಿಗೆ ನಿಜವಾಗಿ ಇಷ್ಟವಿದ್ದರೆ ತಪ್ಪಲ್ಲ. ಆದರೆ ಅವನ ಕೈಯಲ್ಲಿರುವ ಪಿಯುಸಿ ಸೈನ್ಸ್ ಅಂಕಪಟ್ಟಿಗೆ ಇನ್ನೂ ಒಂದು ಬೆಲೆ ಇದೆ. ಅದರ ಮೇಲೆ ಪಾಲಿಟೆಕ್ನಿಕ್‌ನ ಮೂರನೇ ಸೆಮಿಸ್ಟರ್‌ಗೆ ನೇರ ಪ್ರವೇಶ, ಅಂದರೆ ಲ್ಯಾಟರಲ್ ಎಂಟ್ರಿ ಸಿಗುತ್ತದೆ. ಎರಡು ವರ್ಷಕ್ಕೆ ಡಿಪ್ಲೊಮಾ ಕೈಗೆ ಬರುತ್ತದೆ. ಸರ್ಕಾರಿ ಪಾಲಿಟೆಕ್ನಿಕ್ ಹತ್ತಿರದಲ್ಲಿದ್ದರೆ ಖರ್ಚು ಖಾಸಗಿ ಬಿ.ಇ.ಗೆ ಹೋಲಿಸುವಂತೆಯೇ ಇಲ್ಲ, ಮನೆಯಿಂದಲೇ ಓಡಾಡಬಹುದು. ಓದು ಕೈಗೆಟುಕಿತು ಎನ್ನಿಸಿದರೆ ಡಿಪ್ಲೊಮಾ ನಂತರ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಉಳಿದಿರುತ್ತದೆ.

ಬ್ರಾಂಚ್ ಆರಿಸುವಾಗ ಮಾತ್ರ ಅವಸರ ಬೇಡ. ಕಂಪ್ಯೂಟರ್ ಸೈನ್ಸ್ ಸೀಟಿಗೆ ಎಲ್ಲರೂ ಮುಗಿಬೀಳುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ಡಿಪ್ಲೊಮಾದವರಿಗಿಂತ ಬಿ.ಇ., ಬಿ.ಸಿ.ಎ.ಯವರನ್ನು ಹುಡುಕುವುದೇ ಹೆಚ್ಚು. ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೆ ಮೀಸಲಾದ ಹುದ್ದೆಗಳೇ ಇವೆ: ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ಜೂನಿಯರ್ ಎಂಜಿನಿಯರ್. ರೈಲ್ವೆಯ ಜೂನಿಯರ್ ಎಂಜಿನಿಯರ್, ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಎಲೆಕ್ಟ್ರಾನಿಕ್ಸ್‌ನಲ್ಲಿ ಎರಡು ವರ್ಷ ಕೂತವನಿಗೆ ಎಲೆಕ್ಟ್ರಿಕಲ್ ಪೂರ್ತಿ ಅಪರಿಚಿತವೂ ಅಲ್ಲ. ಅವನಿಗೆ ಆಸಕ್ತಿ ಇದ್ದರೆ ನಮ್ಮ ಮತ ಅದಕ್ಕೇ.

ದೂರಶಿಕ್ಷಣದ ಬಗ್ಗೆ ಎರಡು ಮಾತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪದವಿ, ಕೆಲಸ ಮಾಡುತ್ತಾ ಓದುವವರಿಗೆ ಸರಿಯಾದ ದಾರಿ. ಯುಜಿಸಿ 2022ರಿಂದ ಒಂದು ರೆಗ್ಯುಲರ್ ಕೋರ್ಸಿನ ಜೊತೆ ಒಂದು ದೂರಶಿಕ್ಷಣದ ಕೋರ್ಸ್ ಮಾಡಲು ಅನುಮತಿ ಕೊಟ್ಟಿದೆ. ಆದರೆ ‘ಬಿ.ಇ. ಡ್ರಾಪ್‌ಔಟ್‌ಗಳಿಗೆ ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಕಂಬಕ್ಕೆ ಪೋಸ್ಟರ್ ಅಂಟಿಸುವ ಏಜೆಂಟರು ನಿಮ್ಮ ಊರಿನ ಬಸ್ ಸ್ಟ್ಯಾಂಡಿಗೂ ಬಂದಿರಬಹುದು. ದುಡ್ಡು ಹೋಗುವುದರ ಜೊತೆಗೆ, ಆ ಪದವಿ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಬಿದ್ದರೆ ಕೆಲಸವೂ ಹೋಗುತ್ತದೆ. ದೂರಶಿಕ್ಷಣಕ್ಕೆ ಸೇರುವವರು ಈಗ ಯುಜಿಸಿ ಜಾಲತಾಣದಲ್ಲಿ ಸ್ವತಃ DEB ID ಎಂಬ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು. ಅದು ಬೇಡ ಎನ್ನುವವನ ಹತ್ತಿರ ಮಾತೇ ಮುಂದುವರಿಸಬೇಡಿ.

ಈಗ ಟಿ.ಸಿ. ವಿಚಾರ. ಡಿಪ್ಲೊಮಾ ಎಂದು ತೀರ್ಮಾನವಾದ ಮೇಲೆ, ಲ್ಯಾಟರಲ್ ಎಂಟ್ರಿ ಅರ್ಜಿ ಕರೆಯುವ ಹೊತ್ತಿಗೆ ಅದು ಬೇಕಾಗುತ್ತದೆ. ಪ್ರವೇಶ ಯಾವಾಗ ರದ್ದು ಮಾಡಿಸಿದರೂ ಮುಂದಿನ ವರ್ಷಗಳ ಫೀ ಕೇಳುವಂತಿಲ್ಲ ಎಂದು ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮೋದನೆ ಕೊಡುವ ಎಐಸಿಟಿಇ ತನ್ನ ಅನುಮೋದನೆಯ ಕೈಪಿಡಿಯಲ್ಲೇ ಹೇಳಿದೆ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಓದಿದ ನಾಲ್ಕು ಸೆಮಿಸ್ಟರ್‌ಗಳ ಫೀ ಬಾಕಿ ಇದ್ದರೆ ಅದನ್ನು ಮಾತ್ರ ಕಟ್ಟಿ, ರಸೀದಿ ಪಡೆಯಿರಿ. ಕಟ್ಟಿದ ಹಿಂದಿನ ಫೀ ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ. ಪ್ರವೇಶದ ಕೊನೆಯ ದಿನ ಕಳೆದು ಒಂದು ತಿಂಗಳು ದಾಟಿದ ಮೇಲೆ ಮರುಪಾವತಿ ಇಲ್ಲ.

ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಇಲ್ಲ ಎನ್ನುತ್ತಾರೆ. ಪ್ರಾಂಶುಪಾಲರ ಹೆಸರಿಗೆ ಮಗನ ಸಹಿಯಲ್ಲೇ ಅರ್ಜಿ ಬರೆಯಿಸಿ. ಯುಎಸ್‌ಎನ್, ಸೇರಿದ ವರ್ಷ, ಕೊನೆಗೆ ಬರೆದ ಪರೀಕ್ಷೆ, ವಾಪಸ್ ಬೇಕಾದ ಪ್ರತಿ ದಾಖಲೆಯ ಹೆಸರು, ಕಟ್ಟಿದ ಫೀಯ ರಸೀದಿ ಸಂಖ್ಯೆ ಅದರಲ್ಲಿರಲಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಗೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಎಐಸಿಟಿಇ ಹೇಳುವ ಗಡುವು ಏಳು ದಿನ. ಅದು ಕಳೆದರೆ ಆ ಪ್ರತಿಯನ್ನೇ ಲಗತ್ತಿಸಿ ವಿ.ಟಿ.ಯು. ಕುಲಸಚಿವರಿಗೂ ಎಐಸಿಟಿಇಯ ದೂರು ವಿಭಾಗಕ್ಕೂ ಬರೆಯಿರಿ.