ತೂಕ ಜಾಸ್ತಿ ಇರುವವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುವುದೇಕೆ?

ತೀರ್ಥಹಳ್ಳಿಯಿಂದ ಕೇಳ್ತಿದ್ದೇನೆ. ಅಪ್ಪನ ತೂಕ 112 ಕೆಜಿ. ಕೂತರೆ ಆರಾಮ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಶಿವಮೊಗ್ಗದಲ್ಲಿ ಊದಿಸಿ ನೋಡಿದರೆ ಹೆಚ್ಚುಕಮ್ಮಿ ನಾರ್ಮಲ್. ಮತ್ಯಾಕೆ ಹೀಗೆ?

ಊದಿಸುವ ಪರೀಕ್ಷೆ ಮುಖ್ಯವಾಗಿ ಪೂರ್ತಿ ಎಳೆದು ಜೋರಾಗಿ ಬಿಟ್ಟ ಗಾಳಿಯನ್ನು ಅಳೆಯುತ್ತದೆ. ಬೊಜ್ಜಿನಲ್ಲಿ ಅದು ಅಷ್ಟೇನೂ ಇಳಿಯುವುದಿಲ್ಲ. ಇಳಿಯುವುದು ಸುಮ್ನೆ ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ.

ಶ್ವಾಸಕೋಶ ಒಳಕ್ಕೆ ಕುಗ್ಗಲು ನೋಡುತ್ತದೆ, ಎದೆಗೂಡು ಹೊರಕ್ಕೆ ಎಳೆಯುತ್ತದೆ. ಎರಡೂ ಸಮವಾದಲ್ಲಿ ಸುಮ್ನೆ ಬಿಟ್ಟ ಉಸಿರು ನಿಲ್ಲುತ್ತದೆ. ಪಕ್ಕೆಲುಬಿನ ಮೇಲಿನ ಕೊಬ್ಬು ಎದೆಗೂಡನ್ನು ಅದುಮುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಎದೆ-ಹೊಟ್ಟೆ ನಡುವಿನ ಸ್ನಾಯುಪರದೆಯಾದ ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಆ ನಿಲ್ಲುವ ಜಾಗವೇ ಕಡಿಮೆ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ.

ಕೂತಾಗ ಹೊಟ್ಟೆಯ ಭಾರ ಕೆಳಕ್ಕೆ ಜೋಲುತ್ತದೆ. ಅಂಗಾತ ಮಲಗಿದರೆ ಅದೇ ಭಾರ ಎದೆಯ ಕಡೆ ಸರಿಯುತ್ತದೆ, ಎದೆಯ ಮೇಲೆ ಅಡಿಕೆ ಮೂಟೆ ಇಟ್ಟ ಹಾಗೆ. ತೆಳ್ಳಗಿನವರಲ್ಲೂ ಆಗ ಉಳಿಕೆ ಗಾಳಿ ಅರ್ಧ ಲೀಟರಿಗಿಂತ ಹೆಚ್ಚು ಇಳಿಯಬಹುದು, ಆದರೆ ಅವರಿಗೆ ದಾಸ್ತಾನು ಇರುತ್ತದೆ. ನಿಮ್ಮಪ್ಪನಂಥವರಿಗೆ ಕೂತಾಗಲೇ ಅದು ಬಹುಪಾಲು ಖಾಲಿ. ಮಲಗಿದರೆ ಬುಡದ ಸಣ್ಣ ಗಾಳಿನಾಳಗಳು ಉಸಿರು ಬಿಡುವಾಗಲೇ ಮುಚ್ಚಿಕೊಳ್ಳುತ್ತವೆ. ರಕ್ತ ಅಲ್ಲಿಗೆ ಹೋಗುತ್ತದೆ, ಗಾಳಿ ಹೋಗುವುದಿಲ್ಲ, ಆಮ್ಲಜನಕ ಇಳಿಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡವನ್ನು ಮೀರಿಯೇ ಮುಂದಿನ ಉಸಿರು ಎಳೆಯಬೇಕು. ಆ ಹೆಚ್ಚಿನ ದುಡಿಮೆಯೇ ಉಸಿರು ಕಟ್ಟಿದಂತೆ ಅನಿಸುವುದು.

ಮಂಚದ ತಲೆಯ ಕಡೆಯನ್ನೇ ಎತ್ತರಿಸಿ, ಇಲ್ಲವೇ ಮಗ್ಗುಲಾಗಿ ಮಲಗಿಸಿ. ಬರೀ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಇನ್ನೂ ಒತ್ತುತ್ತದೆ. ಕಾಲು ಊದಿದ್ದರೆ ಅಥವಾ ಈ ತೊಂದರೆ ಇತ್ತೀಚೆಗೆ ಶುರುವಾಗಿದ್ದರೆ ತೂಕದ ಮೇಲೆ ಹಾಕಬೇಡಿ, ಬೇಗ ಹೃದಯ ತೋರಿಸಿ. ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆಯೂ ಬೇಕು.