ಪೆಟ್ಟಿಗೆ ಕಾದಿದೆ, ಮೆಣಸಿನಕಾಯಿ ಒಣಗಿಲ್ಲ

ಪ್ರಶ್ನೆ: ಸಾರ್, ಮನೆಯ ಹಣ್ಣು ಮೆಣಸಿನಕಾಯಿ ಒಣಗಿಸೋಕೆ ಮೂರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಮೇಲೆ ಗಾಜು ಕೂರಿಸಿದ್ದೇನೆ. ಒಳಗೆ ಕಪ್ಪು ಬಣ್ಣ ಹೊಡೆದಿದೆ. ಗಾಳಿಗೆ ಅಂತ ಎರಡು ಪಕ್ಕದಲ್ಲೂ ಅರ್ಧ ಇಂಚಿನ ನಾಲ್ಕು ನಾಲ್ಕು ತೂತು ಇವೆ. ಥರ್ಮಾಮೀಟರ್ 72 ಡಿಗ್ರಿ ತೋರಿಸುತ್ತದೆ. ಮೂರು ಕೆ.ಜಿ. ಕಾಯಿ ಹಾಕಿ, ಅದರಲ್ಲಿ 500 ಗ್ರಾಂ ಬೇರೆ ಜಾಲರಿಯಲ್ಲಿಟ್ಟು ತೂಗಿದೆ. ಸಂಜೆಗೆ 410 ಗ್ರಾಂ ಆಯ್ತು. ತಾರಸಿ ಮೇಲೆ ಸುಮ್ನೆ ಹರಡಿದ 500 ಗ್ರಾಂ 385ಕ್ಕೆ ಇಳಿದಿತ್ತು! ಗಾಜಿನ ಒಳಗೆ ನೀರಿನ ಹನಿ, ಕೆಲವು ಕಾಯಿ ಕಪ್ಪು. ಎಲ್ಲಿ ತಪ್ಪಿದೆ? ತೇವಾಂಶ ಎಷ್ಟು ಹೋಯ್ತು ಅಂತ ಸರಿಯಾಗಿ ಲೆಕ್ಕ ಹಾಕೋದು ಹೇಗೆ?
(ಓದುಗರು, ಪಾಂಡವಪುರ)

ಉತ್ತರ: ಗಾಜಿನ ಒಳಗಿನ ಆ ಹನಿಗಳೇ ಉತ್ತರ ಹೇಳುತ್ತಿವೆ. ಮೆಣಸಿನಕಾಯಿಯಿಂದ ನೀರು ಹೊರಗೆ ಬಂದಿದೆ, ಆದರೆ ಪೆಟ್ಟಿಗೆಯಿಂದ ಹೊರಗೆ ಹೋಗಿಲ್ಲ. ನಿಮ್ಮ ಎಂಟು ತೂತುಗಳನ್ನು ಕೂಡಿಸಿದರೆ ಒಂದೂವರೆ ಚದರ ಇಂಚಿನಷ್ಟು ದಾರಿ ಮಾತ್ರ. ಅದೂ ಎಲ್ಲವೂ ಪಕ್ಕದಲ್ಲೇ ಇರುವುದರಿಂದ ಬಿಸಿಗಾಳಿ ಮೇಲೇರಿ ಹೋಗಲು ಜಾಗವೇ ಇಲ್ಲ. ನೀವು ಮಾಡಿರುವುದು ಒಣಗಿಸುವ ಪೆಟ್ಟಿಗೆಯಲ್ಲ, ಹಬೆಯಲ್ಲಿ ಬೇಯಿಸುವ ಪೆಟ್ಟಿಗೆ.

ಒಣಗಿಸುವುದು ಬಿಸಿಯಲ್ಲ, ಒಣಗಾಳಿ. ಬಿಸಿಯ ಕೆಲಸ ಗಾಳಿಯನ್ನು ಬಾಯಾರಿಸುವುದು, ಅಷ್ಟೇ. ಹೊರಗೆ 30 ಡಿಗ್ರಿ ಇದ್ದು, ಗಾಳಿಯ ಆರ್ದ್ರತೆ ಶೇ. 40 ಇದೆ ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ. 14ರ ಹತ್ತಿರ ಇಳಿಯುತ್ತದೆ. ಆ ಗಾಳಿ ಕಾಯಿಯ ಮೇಲೆ ಹಾದು, ನೀರು ಹೀರಿಕೊಂಡು ಆಚೆ ಹೋಗಬೇಕು, ಅದರ ಜಾಗಕ್ಕೆ ಹೊಸದು ಬರಬೇಕು. ಒಳಗೇ ನಿಂತರೆ 72 ಡಿಗ್ರಿ ಇದ್ದರೂ ಪ್ರಯೋಜನವಿಲ್ಲ. 60-65 ಡಿಗ್ರಿ ದಾಟಿದ ಮೇಲೆ ಕಾಯಿಯಲ್ಲಿರುವ ಸಕ್ಕರೆ ಕಂದಿ ಬಣ್ಣ ಕೆಡುತ್ತದೆ, ನಿಮ್ಮ ಕಾಯಿ ಕಪ್ಪಾಗಿರುವುದು ಅದಕ್ಕೇ. ಅಂದಹಾಗೆ, ಥರ್ಮಾಮೀಟರಿನ ತುದಿಗೆ ನೇರ ಬಿಸಿಲು ಬೀಳುತ್ತಿದ್ದರೆ ಆ 72 ಕೂಡ ನಂಬುವ ಲೆಕ್ಕವಲ್ಲ. ತುದಿಯ ಮೇಲೆ ಸ್ವಲ್ಪ ದೂರದಲ್ಲಿ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಕೊಡೆಯ ಹಾಗೆ ಹಿಡಿಸಿ ನೆರಳು ಮಾಡಿ, ಆಮೇಲೆ ನೋಡಿ.

ಪೆಟ್ಟಿಗೆಗೆ ಮಾಡಬೇಕಾದ್ದು

ಪೆಟ್ಟಿಗೆ ಬಿಸಾಡಬೇಡಿ, ಒಬ್ಬ ಬಡಗಿಗೆ ಅರ್ಧ ದಿನದ ಕೆಲಸ. ಪಕ್ಕದ ತೂತು ಮುಚ್ಚಿಸಿ. ದಕ್ಷಿಣಕ್ಕೆ ಮುಖ ಮಾಡಿದ ತಗ್ಗಿನ ಬದಿಯಲ್ಲಿ, ತಳಕ್ಕೆ ಅಂಟಿದಂತೆ, ಎರಡು ಇಂಚು ಎತ್ತರ ಇಪ್ಪತ್ತು ಇಂಚು ಉದ್ದದ ಸೀಳು ತೆಗೆಸಿ. ಹಿಂದಿನ ಎತ್ತರದ ಬದಿಯಲ್ಲಿ, ಗಾಜಿನ ಕೆಳಗೇ, ಅಷ್ಟೇ ಜಾಗ ಬೇಕು. ಅಲ್ಲಿ ನಾಲ್ಕು ಇಂಚಿನ ಮೂರು ಪೈಪುಗಳನ್ನು ಮೂರಡಿ ಎತ್ತರಕ್ಕೆ ನಿಲ್ಲಿಸಿ ಕಪ್ಪು ಬಣ್ಣ ಹೊಡೆದರೆ ಇನ್ನೂ ಒಳ್ಳೆಯದು, ಎಳೆತ ಜಾಸ್ತಿಯಾಗುತ್ತದೆ. ತಲೆಗೆ ಮಳೆಟೋಪಿ ಮರೆಯಬೇಡಿ. ಎರಡೂ ದಾರಿಗೆ ಸೊಳ್ಳೆ ಪರದೆಯ ಜಾಲರಿ ಬೇಕು, ಕೆಳಗಿನದಕ್ಕೆ ಜಾರುವ ಹಲಗೆಯ ಬಾಗಿಲೂ ಬೇಕು. ಗಾಳಿ ಹೆಚ್ಚು ಕಡಿಮೆ ಮಾಡೋಕೆ, ರಾತ್ರಿ ಮುಚ್ಚೋಕೆ ಅದೇ ಆಧಾರ.

ಕಾಯಿ ಹರಡುವ ಜಾಲರಿ ತಳದ ಹಲಗೆಯ ಮೇಲೆ ಕೂತಿದೆಯಾ? ಹಾಗಿದ್ದರೆ ಮೂರು ಇಂಚು ಮೇಲಕ್ಕೆ ಎತ್ತಿ. ಗಾಳಿ ಜಾಲರಿಯ ಕೆಳಗಿನಿಂದ ಬಂದು, ಕಾಯಿಗಳ ನಡುವೆ ನುಸುಳಿ, ಮೇಲಿನಿಂದ ಹೋಗಬೇಕು. ಜಾಲರಿ ಮತ್ತು ಗೋಡೆಯ ನಡುವೆ ಸಂದು ಉಳಿದರೆ ಗಾಳಿ ಸುಲಭದ ದಾರಿ ಹಿಡಿದು ಅಲ್ಲಿಂದಲೇ ಹೊರಟುಹೋಗುತ್ತದೆ, ಹಾಗಾಗಿ ಸಂದಿಗೆ ಪಟ್ಟಿ ಹೊಡೆಸಿ. ಗಾಜಿನ ಇಳಿಜಾರು 15 ಡಿಗ್ರಿ ಇದ್ದರೆ ಸಾಕು. ನಮ್ಮ ಮಂಡ್ಯ-ಮೈಸೂರು ಸಮಭಾಜಕದಿಂದ ಹನ್ನೆರಡು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿವೆ, ಬೇಸಿಗೆಯಲ್ಲಿ ಸೂರ್ಯ ಹೆಚ್ಚೂಕಡಿಮೆ ನೆತ್ತಿಗೇ ಬರುತ್ತಾನೆ.

ಗಾಳಿ ಆಡುತ್ತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಹನ್ನೊಂದು ಗಂಟೆ ಬಿಸಿಲಿನಲ್ಲಿ ಒಂದು ಊದುಬತ್ತಿ ಹಚ್ಚಿ ಕೆಳಗಿನ ಸೀಳಿನ ಮುಂದೆ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಹೋಗಬೇಕು. ಅಲ್ಲೇ ಸುತ್ತಾಡಿದರೆ ಮೇಲಿನ ದಾರಿ ಸಾಲದು. ವಾಪಸ್ಸು ಮುಖಕ್ಕೇ ಬಂದರೆ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಗಾಳಿ ಹಿಂಬದಿಯಿಂದ ಬೀಸುತ್ತಿದೆ. ದಾರಿ ದೊಡ್ಡದಾದ ಮೇಲೆ ಒಳಗಿನ ಬಿಸಿ ಇಳಿಯುತ್ತದೆ. ಗಾಬರಿ ಬೇಡ, ನಮಗೆ ಬೇಕಾಗಿರುವುದೇ 50-55 ಡಿಗ್ರಿ.

ಇನ್ನು ಎಷ್ಟು ತುಂಬಬೇಕು? ಫೆಬ್ರವರಿ-ಮಾರ್ಚಿನ ಒಳ್ಳೆ ಬಿಸಿಲಿನಲ್ಲಿ ಆರು ಚದರ ಅಡಿ ಗಾಜಿನ ಮೇಲೆ ದಿನಕ್ಕೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು ಮೂರು ಯೂನಿಟ್ ಶಾಖ ಬೀಳುತ್ತದೆ. ಇಂಥ ಸಾದಾ ಪೆಟ್ಟಿಗೆಯಲ್ಲಿ ಅದರ ಐದನೇ ಒಂದು ಭಾಗ ನೀರು ಆವಿಯಾಗಲು ಸಿಕ್ಕರೆ ಪುಣ್ಯ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಬೇಕು. ಅಂದರೆ ದಿನಕ್ಕೆ ಒಂದು ಲೀಟರಿನ ಆಸುಪಾಸು, ಅದಕ್ಕಿಂತ ಜಾಸ್ತಿ ಆಸೆ ಪಡಬೇಡಿ. ನಿಮ್ಮ ಮಾದರಿ 90 ಗ್ರಾಂ ಕಳೆದುಕೊಂಡಿದೆ, ಮೂರು ಕೆ.ಜಿ.ಗೆ ಲೆಕ್ಕ ಹಾಕಿದರೆ ಸುಮಾರು 540 ಗ್ರಾಂ. ಪೆಟ್ಟಿಗೆ ಅರ್ಧ ಕೆಲಸ ಮಾಡಿದೆ. ಮೊದಲ ಸಲ ಎರಡು ಕೆ.ಜಿ. ಮಾತ್ರ ಹಾಕಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ.

ತೂಕದಿಂದ ತೇವಾಂಶಕ್ಕೆ

ಇಲ್ಲಿ ಬಹಳ ಜನ ಎಡವುತ್ತಾರೆ. ಒಣಗುವಾಗ ನೀರು ಹೋಗುತ್ತದೆ, ಕಾಯಿಯ ಗಟ್ಟಿ ಪದಾರ್ಥ ಹಾಗೇ ಉಳಿಯುತ್ತದೆ. ಆ ಗಟ್ಟಿ ತೂಕ ಗೊತ್ತಾದರೆ ಉಳಿದದ್ದೆಲ್ಲ ಕೂಡಿ ಕಳೆಯುವ ಲೆಕ್ಕ. ಅದಕ್ಕೆ ಅದೇ ರಾಶಿಯಿಂದ 50 ಗ್ರಾಂ ಕಾಯಿ ತೆಗೆದು ಸಣ್ಣಗೆ ಕತ್ತರಿಸಿ, ಬೇಕರಿಯವರು ಬಳಸುವಂಥ ಓವನ್ನಿನಲ್ಲಿ 105 ಡಿಗ್ರಿಗೆ ಇಡಿ. ಗಂಟೆ ಬಿಟ್ಟು ಎರಡು ಸಲ ತೂಗಿದಾಗ ಒಂದೇ ತೂಕ ಬಂದರೆ ನೀರು ಪೂರ್ತಿ ಹೋಗಿದೆ ಅಂತ ಅರ್ಥ. ಮನೆಯಲ್ಲಿ ಗಾಟು ಎದ್ದು ಎಲ್ಲರೂ ಕೆಮ್ಮುತ್ತಾರೆ, ಕಿಟಕಿ ತೆಗೆದಿಡಿ. (ಏಲಕ್ಕಿ, ಕಾಳುಮೆಣಸಿನಂಥ ಎಣ್ಣೆಯಂಶದ ಸಾಂಬಾರಕ್ಕೆ ಈ ವಿಧಾನ ಸರಿಹೋಗಲ್ಲ, ಪರಿಮಳದ ಎಣ್ಣೆಯೂ ಹಾರಿ ಅದೂ ನೀರಿನ ಲೆಕ್ಕಕ್ಕೇ ಸೇರಿಬಿಡುತ್ತದೆ.)

50 ಗ್ರಾಂನಲ್ಲಿ 12.5 ಗ್ರಾಂ ಉಳಿಯಿತು ಅಂದುಕೊಳ್ಳೋಣ. ಅಂದರೆ ಹಸಿ ಕಾಯಿಯಲ್ಲಿ ಶೇ. 75 ನೀರು. ನಿಮ್ಮ 500 ಗ್ರಾಂನಲ್ಲಿ ಗಟ್ಟಿ ಪದಾರ್ಥ 125 ಗ್ರಾಂ, ನೀರು 375 ಗ್ರಾಂ. ಈಗ ಸೂತ್ರ ಇಷ್ಟೇ:

ತೇವಾಂಶ (ಶೇ.) = (ಈಗಿನ ತೂಕ − ಗಟ್ಟಿ ತೂಕ) ÷ ಈಗಿನ ತೂಕ × 100

ಪೆಟ್ಟಿಗೆಯದು 410 − 125 = 285, ಅದನ್ನು 410ರಿಂದ ಭಾಗಿಸಿದರೆ ಶೇ. 69.5. ತಾರಸಿಯದು ಶೇ. 67.5. ಎರಡೇ ಅಂಕಿಯ ವ್ಯತ್ಯಾಸ, ಏನೂ ಇಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಪೆಟ್ಟಿಗೆಯಿಂದ ಹೋದ ನೀರು 90 ಗ್ರಾಂ, ತಾರಸಿಯಿಂದ ಹೋದದ್ದು 115. ಕಾಲು ಭಾಗಕ್ಕಿಂತ ಜಾಸ್ತಿ! ನೀರು ಹೋದಂತೆ ಭಾಗಿಸುವ ತೂಕವೂ ಇಳಿಯುವುದರಿಂದ ಶೇಕಡಾ ಲೆಕ್ಕ ಹೀಗೆ ಮೋಸ ಮಾಡುತ್ತದೆ. ಅರ್ಧ ನೀರು ಹೋದ ಮೇಲೂ ಅದು 75ರಿಂದ 60ಕ್ಕೆ ಮಾತ್ರ ಇಳಿದಿರುತ್ತದೆ. ಎರಡು ವಿಧಾನ ಹೋಲಿಸುವಾಗ ನೀರನ್ನು ಗಟ್ಟಿ ತೂಕದಿಂದ ಭಾಗಿಸಿ. ಶುರುವಿನಲ್ಲಿ 3.0 ಇತ್ತು, ಸಂಜೆಗೆ ಪೆಟ್ಟಿಗೆಯಲ್ಲಿ 2.28, ತಾರಸಿಯಲ್ಲಿ 2.08. ಚೌಕಳಿ ಹಾಳೆಯ ಮೇಲೆ ಈ ಅಂಕಿ ಇಳಿಯುವ ಗೆರೆ ಎಳೆದರೆ ಯಾವುದು ಬೇಗ ಒಣಗುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಇದೇ ಗಟ್ಟಿ ತೂಕ ಸಾಕು. ಒಣಮೆಣಸಿನಕಾಯಿಗೆ ಆಹಾರ ಸುರಕ್ಷತಾ ನಿಯಮದ ಮಿತಿ ಶೇ. 11. ನಾವು 10ಕ್ಕೆ ಇಳಿಸೋಣ. 125 ÷ 0.9 = 139. ಮಾದರಿ ಜಾಲರಿ 139 ಗ್ರಾಂ ತೋರಿಸಿದ ದಿನ ಪೆಟ್ಟಿಗೆ ಖಾಲಿ ಮಾಡಿ.

ತೂಗುವ ತಕ್ಕಡಿ ಒಂದು ಗ್ರಾಂ ತೋರಿಸುವ ಅಡುಗೆಮನೆಯದೇ ಸಾಕು, ಆದರೆ ಮನೆಯೊಳಗೆ ಇಟ್ಟು ತೂಗಿ. ತಾರಸಿಯ ಗಾಳಿಗೆ ಅಂಕಿ ಕುಣಿಯುತ್ತದೆ. ಜಾಲರಿಯ ತೂಕ ಮೊದಲೇ ಬರೆದಿಟ್ಟುಕೊಂಡು ಪ್ರತಿ ಸಲ ಕಳೆಯಿರಿ. ಮುಖ್ಯವಾದ ಮಾತು: ತಾರಸಿಯ ಮೇಲೆ 500 ಗ್ರಾಂ ಮಾತ್ರ, ಪೆಟ್ಟಿಗೆಯಲ್ಲಿ ಮೂರು ಕೆ.ಜಿ. ಇತ್ತು. ಹೀಗೆ ಹೋಲಿಸಿದರೆ ಪೆಟ್ಟಿಗೆಗೆ ಅನ್ಯಾಯ. ತಾರಸಿಯಲ್ಲೂ ಎರಡು ಕೆ.ಜಿ.ಯನ್ನು ಅಷ್ಟೇ ಅಗಲದಲ್ಲಿ ಹರಡಿ, ಮಾದರಿಯನ್ನು ನಡುವೆ ಇಡಿ.

ಸಂಜೆ ಒಂದು ಸಲ, ಮಾರನೆ ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಇನ್ನೊಂದು ಸಲ ತೂಗಲೇಬೇಕು. ನಿಮ್ಮ ಕಡೆ ನಾಲೆ ನೀರು, ಗದ್ದೆ ಬಯಲು. ಚಳಿಗಾಲದ ಇಬ್ಬನಿಗೆ ಹೊರಗೆ ಬಿಟ್ಟ ಕಾಯಿ ರಾತ್ರಿ ನೀರು ವಾಪಸ್ ಕುಡಿಯುತ್ತದೆ, ಬೆಳಗಿನ ತೂಕ ಸಂಜೆಗಿಂತ ಜಾಸ್ತಿ ಬರುವುದನ್ನು ನೀವೇ ನೋಡುತ್ತೀರಿ. ಪೆಟ್ಟಿಗೆಯ ಬಾಗಿಲು ಹಾಕಿ, ಮೇಲಿನ ದಾರಿಗೂ ಬಟ್ಟೆ ತುರುಕಿದರೆ ಆ ನಷ್ಟ ತಪ್ಪುತ್ತದೆ.

ಇಷ್ಟಾದ ಮೇಲೂ ಮಾರ್ಚಿನ ಸುಡುಬಿಸಿಲು, ಬೀಸುಗಾಳಿಯಲ್ಲಿ ಮೊದಲ ದಿನ ತಾರಸಿ ಪೆಟ್ಟಿಗೆಗೆ ಸರಿಸಮ ನಿಂತರೆ ಆಶ್ಚರ್ಯ ಪಡಬೇಡಿ. ಆಗ ಸಿಪ್ಪೆಯ ಹತ್ತಿರದ ನೀರು ಹೋಗುತ್ತಿರುತ್ತದೆ, ಅದಕ್ಕೆ ಬಯಲ ಗಾಳಿ ಸಾಕು. ಪೆಟ್ಟಿಗೆ ಗೆಲ್ಲುವುದು ಕೊನೆಯಲ್ಲಿ, ಶೇ. 30ರಿಂದ 10ಕ್ಕೆ ಇಳಿಸುವಾಗ. ಮೆಣಸಿನಕಾಯಿಯ ಸಿಪ್ಪೆ ಮೇಣದ ಹಾಗೆ ನುಣುಪು, ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಉಳಿದ ನೀರು ಒಳಗಿನಿಂದ ನಿಧಾನಕ್ಕೆ ಬರಬೇಕು, ಅದನ್ನು ಎಳೆಯಲು ತುಂಬ ಒಣಗಿದ ಗಾಳಿ ಬೇಕು. ಬೇಗ ಆಗಬೇಕಾದರೆ ಕಾಯಿಗೆ ಉದ್ದಕ್ಕೆ ಒಂದು ಸೀಳು ಹಾಕಿ, ಆದರೆ ಮಾರುವುದಕ್ಕಾದರೆ ಬೇಡ, ಬೀಜ ಉದುರಿ ನೋಟ ಕೆಡುತ್ತದೆ.

ಕೊನೆಗೆ ತಕ್ಕಡಿ 139 ತೋರಿಸಿದರೂ ನಾಲ್ಕು ದಪ್ಪ ಕಾಯಿ ಆರಿಸಿ ತೊಟ್ಟಿನ ಬುಡ ಒತ್ತಿ ನೋಡಿ. ಅದು ಕೊನೆಗೆ ಒಣಗುವ ಜಾಗ. ಅಲುಗಿಸಿದರೆ ಬೀಜ ಗಲಗಲ ಅಂದರೂ ತೊಟ್ಟಿನ ಹತ್ತಿರ ಮೆತ್ತಗಿದ್ದರೆ ಬೂಸ್ಟು ಶುರುವಾಗುವುದು ಅಲ್ಲಿಂದಲೇ. ಅಂಥವನ್ನು ಬೇರೆ ಮಾಡಿ ಇನ್ನೊಂದು ದಿನ ಪೆಟ್ಟಿಗೆಯಲ್ಲಿಡಿ. ಉಳಿದವನ್ನು ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಮತ್ತೆ ಹನಿ ಕಟ್ಟುತ್ತದೆ.